ಹಳೇ ಲಿಥಿಯಂ ಸೆಲ್ ಎಷ್ಟು ಸವೆದಿದೆ? ಮೂರು ಅಳತೆ ಹೋಲಿಸಿ ನೋಡಿದೆ

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದರೆ ಕರೆಂಟಿಗೆ ಗ್ಯಾರಂಟಿ ಇಲ್ಲ. ಅದಕ್ಕೇ ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ 18650 ಎಂಬ ಉರುಟು ಲಿಥಿಯಂ ಸೆಲ್ ಬಿಚ್ಚಿ ಮನೆ ದೀಪಕ್ಕೆ ಪ್ಯಾಕ್ ಕಟ್ಟುತ್ತೇನೆ. ಯಾವ ಸೆಲ್ ಸವೆದಿದೆ ಎಂದು ಒಡೆಯದೆ ತಿಳಿಯಬೇಕು, ಅಲ್ವಾ? ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಸೆಲ್‌ಗಳನ್ನು 3.7 ವೋಲ್ಟ್‌ಗೆ ತಂದು, ಕೆಲವು ಗಂಟೆ ಸುಮ್ನೆ ಬಿಟ್ಟು, ಮೂರು ರೀತಿ ಅಳೆದೆ.

ಮೊದಲನೆಯದು ಕೈಯಲ್ಲಿ ಹಿಡಿಯುವ 1 ಕಿಲೋಹರ್ಟ್ಸ್ ಮೀಟರ್. ಒಂದು ಸೆಲ್ 34 ಮಿಲಿಓಮ್, ಇನ್ನೊಂದು 38. ಎರಡೂ ಒಂದೇ ಥರ ಅನಿಸುತ್ತದೆ. ಆದರೆ ಕರೆಂಟ್ ಸೆಕೆಂಡಿಗೆ ಸಾವಿರ ಸಲ ಹಿಂದೆ ಮುಂದೆ ಹರಿಯುವಾಗ ಎಲೆಕ್ಟ್ರೋಡ್ ಮೇಲ್ಮೈ ಕೆಪಾಸಿಟರ್‌ನಂತೆ ಅದನ್ನು ದಾಟಿಸಿಬಿಡುತ್ತದೆ. ಹಾಗಾಗಿ ಮೀಟರಿಗೆ ಸಿಗುವುದು ಹೆಚ್ಚಾಗಿ ಒಳಗಿನ ದ್ರಾವಣ, ಲೋಹದ ಹಾಳೆ, ಬೆಸುಗೆಗಳ ರೆಸಿಸ್ಟೆನ್ಸ್ ಮಾತ್ರ. ಸವೆತ ಜಾಸ್ತಿ ಆಗುವುದು ಮೇಲ್ಮೈಯಲ್ಲೇ: ಗ್ರಾಫೈಟ್ ಮೇಲಿನ ಪದರ ದಪ್ಪವಾಗುತ್ತದೆ, ಕ್ಯಾಥೋಡ್ ಮೇಲ್ಮೈ ಕೆಡುತ್ತದೆ. ಅದು ಇಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಎರಡನೆಯದು ಲೋಡ್ ಹಾಕಿ ನೋಡುವುದು. 1 ಆಂಪಿಯರ್ ಅನ್ನು 10 ಸೆಕೆಂಡ್ ಎಳೆದಾಗ ಮೊದಲ ಸೆಲ್ 62 ಮಿಲಿವೋಲ್ಟ್ ಇಳಿಯಿತು, ಎರಡನೆಯದು 115. ಅಂದರೆ 62 ಮತ್ತು 115 ಮಿಲಿಓಮ್. ವ್ಯತ್ಯಾಸ ಈಗ ಎದ್ದು ಕಾಣುತ್ತದೆ, ಆದರೆ ಎಲ್ಲ ಕಾರಣವೂ ಒಂದೇ ಸಂಖ್ಯೆಯಲ್ಲಿ ಬೆರೆತಿದೆ.

ಅದನ್ನು ಬಿಡಿಸಿ ತೋರಿಸಿದ್ದು ಮೂರನೆಯದು, ಶಿವಮೊಗ್ಗದ ಕಾಲೇಜೊಂದರ ಲ್ಯಾಬಿನ ಇಂಪೀಡೆನ್ಸ್ ಸ್ಪೆಕ್ಟ್ರೋಸ್ಕೋಪಿ. ಇದು ಚಿಕ್ಕ ಎಸಿ ಕರೆಂಟ್ ಬಿಟ್ಟು, ಫ್ರೀಕ್ವೆನ್ಸಿಯನ್ನು ಕಿಲೋಹರ್ಟ್ಸ್‌ನಿಂದ 10 ಮಿಲಿಹರ್ಟ್ಸ್‌ವರೆಗೆ ಇಳಿಸುತ್ತಾ ಅಳೆಯುತ್ತದೆ. ಕೊನೆಯಲ್ಲಿ ಒಂದೇ ಸುತ್ತಿಗೆ 100 ಸೆಕೆಂಡ್ ಬೇಕು, ತಾಳ್ಮೆ ಇರಲಿ. ಈ ಅಳತೆಗಳನ್ನು ಗ್ರಾಫಿನಲ್ಲಿ ಇಟ್ಟರೆ ಅರ್ಧವೃತ್ತ ಮೂಡುತ್ತದೆ; ಅಡ್ಡ ಅಕ್ಷದಲ್ಲಿ ಮೊದಲ ಸೆಲ್‌ನದು 34 ಮಿಲಿಓಮ್‌ನಿಂದ 46ಕ್ಕೆ ಮುಗಿಯಿತು, ಎರಡನೆಯದು 38ರಿಂದ 85ರವರೆಗೆ ಹಿಗ್ಗಿತ್ತು. ಆ ಅಗಲವೇ ಮೇಲ್ಮೈಯ ಅಡ್ಡಿ: 12 ಎಲ್ಲಿ, 47 ಎಲ್ಲಿ! ಆಮೇಲೆ ಓರೆಯಾಗಿ ಏರುವ ಬಾಲ ಲಿಥಿಯಂ ಒಳಗೆ ಹರಡುವ ನಿಧಾನವನ್ನು ತೋರಿಸುತ್ತದೆ.

ಆದರೆ ಈ ಅರ್ಧವೃತ್ತ ಚಳಿಗೆ ತುಂಬಾ ಹಿಗ್ಗುತ್ತದೆ. ಜಡಿಮಳೆಯ ಬೆಳಿಗ್ಗೆ ಒಂದು ಸೆಲ್, ಬಿಸಿಲಿನ ಮಧ್ಯಾಹ್ನ ಇನ್ನೊಂದು ಅಳೆದರೆ ಹೋಲಿಕೆಗೆ ಅರ್ಥವಿಲ್ಲ, ಚಾರ್ಜ್ ಮಟ್ಟ ಬೇರೆಯಾದರೂ ಅಷ್ಟೇ. ಪ್ರೋಬ್ ನಾಲ್ಕು ತಂತಿಯದ್ದೇ ಇರಬೇಕು, ಇಲ್ಲದಿದ್ದರೆ ತಂತಿಯ ರೆಸಿಸ್ಟೆನ್ಸ್ ಕೂಡ ಲೆಕ್ಕಕ್ಕೆ ಸೇರುತ್ತದೆ.

ಮನೆಯಲ್ಲಿ ಸೆಲ್ ಆರಿಸಲು ನನ್ನ ಮತ ಎರಡನೇ ವಿಧಾನಕ್ಕೆ. 1 ಕಿಲೋಹರ್ಟ್ಸ್ ಮೀಟರ್ ಅನ್ನು ಬೆಸುಗೆ ಬಿಟ್ಟ, ದ್ರಾವಣ ಒಣಗಿದ ಸೆಲ್ ಪತ್ತೆ ಹಚ್ಚಲು ಮಾತ್ರ ಇಟ್ಟುಕೊಂಡಿದ್ದೇನೆ. ಏಕೆ ಸವೆಯಿತು ಎಂದು ತಿಳಿಯಬೇಕಿದ್ದರೆ ಮೂರನೆಯದೇ ಬೇಕು. ಹಾಗಂತ ಎಷ್ಟು ಆಂಪಿಯರ್ ಅವರ್ ಉಳಿದಿದೆ ಎಂಬುದನ್ನು ಮೂರೂ ನೇರವಾಗಿ ಹೇಳುವುದಿಲ್ಲ. ಅದಕ್ಕೆ ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಇಳಿಸಿಯೇ ನೋಡಬೇಕು.