ನೆಟ್ಟಗೆ ಹಿಡಿದ ಫೋನಿನಲ್ಲಿ ಕನ್ನಡ ಸಬ್‌ಟೈಟಲ್: ನಾಲ್ಕು ಬಗೆ ಹಾಕಿ ನೋಡಿದ್ದು

ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರನ್ನು ಮಾತಾಡಿಸಿ ನಮ್ಮ ಗೆಳೆಯರ ಬಳಗ ವಿಡಿಯೊ ಮಾಡುತ್ತಿದೆ. ಅವರ ಮಾತು ಹೆಚ್ಚಾಗಿ ತುಳು, ನಡುನಡುವೆ ಮರಾಠಿ, ಹಿಂದಿ. ಕೆಳಗೆ ಕನ್ನಡ ಸಬ್‌ಟೈಟಲ್ ಹಾಕುವ ಕೆಲಸ ನನ್ನದು. ನೋಡುವವರು ಯಾರು ಅಂದರೆ, ಡೊಂಬಿವಲಿಯಿಂದ ಲೋಕಲ್ ಹಿಡಿದು ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನ್ ಇಟ್ಟುಕೊಂಡು ನಿಂತವರು. ಆ ಗದ್ದಲದಲ್ಲಿ ಫೋನನ್ನು ಅಡ್ಡ ತಿರುಗಿಸುವವರು ಕಡಿಮೆ. ಈಗಿನ ಉದ್ದನೆಯ ಫೋನನ್ನು ನೆಟ್ಟಗೆ ಹಿಡಿದರೆ 16:9 ವಿಡಿಯೊಗೆ ಸಿಗುವುದು ಪರದೆಯ ಕಾಲು ಭಾಗದಷ್ಟು ಜಾಗ. ನಮ್ಮ ಅಕ್ಷರವೆಲ್ಲ ಅಷ್ಟರೊಳಗೇ ಕೂರಬೇಕು.

ಹೋಲಿಸುವುದಕ್ಕೆ ಒಂದೇ ಮಾತನ್ನು ಹಿಡಿದುಕೊಂಡೆ. ಮಾಟುಂಗಾದ ಹಿರಿಯರೊಬ್ಬರು ತುಳುವಿನಲ್ಲಿ ಹೇಳಿದ್ದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ನಾನು ಶಾಲೆಗೆ ಹೋಗದ ದಿನ ಒಂದೂ ಇರಲಿಲ್ಲ.’ ಹೇಳಿ ಮುಗಿಸಲು ಅವರಿಗೆ ಹಿಡಿದದ್ದು 4 ಸೆಕೆಂಡು.

ಮೊದಲು ಎಣಿಕೆಯ ತಕರಾರು ಮುಗಿಸಿಬಿಡೋಣ. ಇಂಗ್ಲಿಷ್‌ಗೆ ನೆಟ್‌ಫ್ಲಿಕ್ಸ್‌ನ ನಿಯಮ ಸಾಲಿಗೆ 42 ಅಕ್ಷರ, ಹೆಚ್ಚೆಂದರೆ ಎರಡು ಸಾಲು. ಬೇರೆಯವರೂ ಹೆಚ್ಚುಕಡಿಮೆ ಇದನ್ನೇ ಹಿಡಿಯುತ್ತಾರೆ. ಆದರೆ ಕನ್ನಡದ ‘ರಾತ್ರಿ’ಯನ್ನು ಕೆಲವು ಸಾಫ್ಟ್‌ವೇರ್ 6 ಅಂತ ಎಣಿಸುತ್ತವೆ: ರ, ದೀರ್ಘ, ತ, ಹಲಂತ, ರ, ಗುಡಿಸು. ಇನ್ನು ಕೆಲವು 3 ಅನ್ನುತ್ತವೆ. ಓದುವವನಿಗೆ ಅದು ಎರಡೇ ಅಕ್ಷರ. ಮೇಲಿನ ಮಾತು ಹೀಗೆ ಬಿಡಿಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ, ಖಾಲಿ ಜಾಗವೂ ಸೇರಿ, ಕೊನೆಯ ಚುಕ್ಕಿ ಬಿಟ್ಟು, 74. ನಾಲಿಗೆಯ ಲೆಕ್ಕದಲ್ಲಿ 33 ಅಕ್ಷರ. ಹಾಗಾಗಿ ಸಾಫ್ಟ್‌ವೇರ್ ಸೆಕೆಂಡಿಗೆ 18 ಚಿಲ್ಲರೆ ಅಂತ ತೋರಿಸಿದಾಗ ಅದನ್ನು ಇಂಗ್ಲಿಷಿನ 18ರ ಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ಸೆಕೆಂಡಿಗೆ ಎಷ್ಟು ಅಕ್ಷರ ಬಾಯಲ್ಲಿ ಹೇಳಬೇಕಾಗುತ್ತದೆ ಅನ್ನುವುದನ್ನೇ ನೋಡುತ್ತೇನೆ. ಇಲ್ಲಿ ಅದು 8ಕ್ಕಿಂತ ಸ್ವಲ್ಪ ಹೆಚ್ಚು.

ಮೊದಲನೆಯ ಬಗೆ, 42ರ ನಿಯಮ. ‘ತೊಳೆದು’ ಆದಮೇಲೆ ಮುರಿದರೆ ಮೇಲಿನ ಸಾಲು 33, ಕೆಳಗಿನದು 40. ನಿಯಮಕ್ಕೆ ಸರಿ, ಕಂಪ್ಯೂಟರಿನಲ್ಲಿ ನೋಡಿದರೆ ಚೆಂದ. ನೆಟ್ಟಗೆ ಹಿಡಿದ ಫೋನಿನಲ್ಲಿ ಮಾತ್ರ ಕೆಳಗಿನ ಸಾಲು ಹಿಡಿಸದೆ ಪ್ಲೇಯರ್ ತಾನೇ ಇನ್ನೊಮ್ಮೆ ಮುರಿಯಿತು. ‘ಇರಲಿಲ್ಲ’ ಒಂದೇ ಪದ ಮೂರನೆಯ ಸಾಲಿಗೆ ಬಿತ್ತು. ಫೋನಿನಲ್ಲಿ ಸಬ್‌ಟೈಟಲ್ ದೊಡ್ಡದು ಮಾಡಿಕೊಂಡ ನಮ್ಮ ಅತ್ತೆಯವರಿಗೆ ಅದು ನಾಲ್ಕು ಸಾಲಾಗಿ, ಮಾತಾಡುವವರ ಗಲ್ಲದವರೆಗೂ ಏರಿತ್ತು.

ಎರಡನೆಯದು, ನಾವು ಮುರಿಯುವುದೇ ಬೇಡ, ಪ್ಲೇಯರಿಗೇ ಬಿಡೋಣ ಅನ್ನುವ ದಾರಿ. ಒಂಟಿ ಪದದ ಕಾಟ ಇದರಲ್ಲಿ ಸ್ವಲ್ಪ ಕಡಿಮೆ. ಆದರೆ ಪ್ಲೇಯರಿಗೆ ಗೊತ್ತಿರುವುದು ಖಾಲಿ ಜಾಗ ಎಲ್ಲಿದೆ ಅನ್ನುವುದಷ್ಟೇ. ‘ಹೋಗದ’ ಮೇಲೆ, ‘ದಿನ’ ಕೆಳಗೆ ಮಾಡಿ ಇಡುತ್ತದೆ. ಒಂದು ಫೋನಿನಲ್ಲಿ ಒಂದು ಕಡೆ ಮುರಿದರೆ ಇನ್ನೊಂದರಲ್ಲಿ ಮತ್ತೊಂದು ಕಡೆ. ಅವಸರಕ್ಕೆ ಆದೀತು, ಅಷ್ಟೆ.

ಮೂರನೆಯದನ್ನು ರೀಲ್ಸ್ ಮಾಡುವ ಹುಡುಗರು ಒತ್ತಿ ಹೇಳಿದ್ದರು: ಒಂದೇ ಸಾಲು, ಹೆಚ್ಚೆಂದರೆ ನಾಲ್ಕು ಪದ, ಬೇಗ ಬೇಗ ಬದಲಾಗಬೇಕು. ನಾಲ್ಕು ಸೆಕೆಂಡನ್ನು ಮೂರು ತುಂಡು ಮಾಡಿದೆ. ‘ಹಗಲು ಕಪ್ಪು ಬಸಿ ತೊಳೆದು’, ಆಮೇಲೆ ‘ರಾತ್ರಿ ಶಾಲೆಗೆ ಹೋಗದ ದಿನ’, ಕೊನೆಗೆ ‘ಒಂದೂ ಇರಲಿಲ್ಲ’. ಅಕ್ಷರ ದೊಡ್ಡದಾಗಿ ಕಂಡಿತು, ಚಿತ್ರವೂ ಮುಚ್ಚಲಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ, ಕನ್ನಡವನ್ನು ಮನೆಯಲ್ಲಿ ಕಲಿತ ಅಕ್ಕನ ಮಗ ನೋಡಿ ಕೇಳಿದ: ‘ಮಾಮ, ಇವರು ಶಾಲೆಗೆ ಹೋಗಲೇ ಇಲ್ವಾ?’ ಮೂರನೆಯ ತುಂಡು ಬರುವಾಗ ಅವನ ಕಣ್ಣು ಇನ್ನೂ ಎರಡನೆಯದರಲ್ಲೇ ಇತ್ತು.

ಈ ಬಗೆಯ ದೋಷ ಅಲ್ಲೇ ಇದೆ. ಕನ್ನಡದಲ್ಲಿ ಹೌದೋ ಅಲ್ಲವೋ ತಿಳಿಯುವುದು ವಾಕ್ಯದ ಬಾಲದಲ್ಲಿ. ಇಲ್ಲ, ಬೇಡ, ಬಾರದು, ಅಂತೆ ಎಲ್ಲವೂ ಕೊನೆಗೇ ಬರುತ್ತವೆ. ಬಾಲ ಬೇರೆ ತುಂಡಿಗೆ ಹೋದರೆ, ನಿಧಾನವಾಗಿ ಓದುವವರ ತಲೆಯಲ್ಲಿ ಉಳಿಯುವುದು ಉಲ್ಟಾ ಅರ್ಥ. ‘ಹೌದಾ?’ ‘ಹ್ಞೂಂ, ಬಾ’ ಅನ್ನುವಂಥ ಚುಟುಕು ಮಾತಿಗೆ ಒಂಟಿ ಸಾಲಿಗಿಂತ ಒಳ್ಳೆಯದಿಲ್ಲ. ಹಿರಿಯರ ಉದ್ದನೆಯ ಮಾತಿಗೆ ಒಗ್ಗುವುದಿಲ್ಲ.

ನಾಲ್ಕನೆಯದು, ಈಗ ನಾನು ಹಿಡಿದಿರುವುದು: ಮಾತನ್ನು ಇಳಿಸಿ, ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುರಿಯುವುದು.

```
41
00:06:12,000 --> 00:06:16,000
ಹಗಲು ಕಪ್ಪು ಬಸಿ ತೊಳೆದರೂ
ರಾತ್ರಿ ಶಾಲೆ ತಪ್ಪಿಸಲಿಲ್ಲ
```

ಯೂನಿಕೋಡ್ ಲೆಕ್ಕದಲ್ಲಿ ಮೇಲಿನ ಸಾಲು 22, ಕೆಳಗಿನದು 23. ಬಾಯಲ್ಲಿ ಹೇಳಿದರೆ ಒಟ್ಟು 20 ಅಕ್ಷರ, ಅಂದರೆ ಸೆಕೆಂಡಿಗೆ 5. ‘ಹೋಟೆಲಿನಲ್ಲಿ’ ಹೋಯಿತು, ಏಕೆಂದರೆ ಅವರು ಕೂತಿರುವುದೇ ಹೋಟೆಲಿನಲ್ಲಿ, ಚಿತ್ರ ಹೇಳುತ್ತಿದೆ. ‘ನಾನು’ ಅನ್ನುವುದು ಕ್ರಿಯಾಪದ ಹೇಳದಿದ್ದರೂ ಸಂದರ್ಭದಿಂದಲೇ ತಿಳಿಯುತ್ತದೆ. ‘ಹೋಗದ ದಿನ ಇರಲಿಲ್ಲ’ ಅನ್ನುವ ಎರಡು ಅಲ್ಲಗಳೆಯುವಿಕೆ ಒಂದಕ್ಕೆ ಇಳಿಯಿತು. ಕಪ್ಪು ಬಸಿಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ‘ಹೋಟೆಲ್ ಕೆಲಸ’ ಅಂದಿದ್ದರೆ ಇನ್ನೂ ಚಿಕ್ಕದಾಗುತ್ತಿತ್ತು, ಆದರೆ ಅವರ ಮಾತಿನ ಜೀವ ಅದರಲ್ಲೇ ಇದೆ.

ಎಲ್ಲಿ ಮುರಿಯಬೇಕು ಅನ್ನುವುದಕ್ಕೆ ಕನ್ನಡವೇ ಜಾಗ ತೋರಿಸುತ್ತದೆ. ‘ತೊಳೆದು’, ‘ಬಂದರೆ’, ‘ಹೋದರೂ’, ‘ಅಂತ’ ಇವುಗಳ ನಂತರ ಉಸಿರು ತಾನಾಗಿ ನಿಲ್ಲುತ್ತದೆ, ಅಲ್ಲಿ ಮುರಿಯಬಹುದು. ‘ನಿನ್ನೆ ಬಂದ’ ಮೇಲಿನ ಸಾಲಿನಲ್ಲಿ, ‘ಹುಡುಗ’ ಕೆಳಗೆ ಆದರೆ ಓದುವವನು ಎಡವುತ್ತಾನೆ. ‘ಮೇಜಿನ ಕೆಳಗೆ’, ‘ಬಿದ್ದು ಹೋಯಿತು’, ‘ಮಾಡಲೇ ಇಲ್ಲ’ ಇವನ್ನೂ ಬಿಡಿಸಬಾರದು. ಮೇಲಿನದು ಚಿಕ್ಕದು, ಕೆಳಗಿನದು ಉದ್ದ ಆದರೂ ಚಿಂತೆಯಿಲ್ಲ. ಎರಡೂ ಸಾಲು ಸಮ ಕಾಣಲಿ ಅಂತ ‘ಬಂದ’ನನ್ನೂ ‘ಹುಡುಗ’ನನ್ನೂ ಬೇರೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಅಂದಾಜಿಗೆ ಸಾಲಿಗೆ ಯೂನಿಕೋಡ್ ಲೆಕ್ಕದ 28 ದಾಟದಿದ್ದರೆ ನಮ್ಮವರ ಫೋನುಗಳಲ್ಲಿ ಪ್ಲೇಯರ್ ಕೈಹಾಕುವುದಿಲ್ಲ. ಸೆಕೆಂಡಿಗೆ 6 ಅಕ್ಷರ ದಾಟದಿದ್ದರೆ ಅಕ್ಕನ ಮಗನೂ ಸಾಲಿನ ಕೊನೆ ಮುಟ್ಟುತ್ತಾನೆ. ಊರಿನಲ್ಲಿ ದಿನಾ ಪತ್ರಿಕೆ ಓದುವವರಿಗೆ 8 ಆದರೂ ತೊಂದರೆಯಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರನ್ನು ನೋಡಿ ನಾನು ಈ ಅಳತೆ ಇಟ್ಟುಕೊಂಡಿದ್ದೇನೆ.

ಸಬ್‌ಟೈಟಲನ್ನು ಚಿತ್ರಕ್ಕೇ ಅಂಟಿಸುವವರು ಒತ್ತಕ್ಷರವನ್ನೂ ನೋಡಿಕೊಳ್ಳಬೇಕು. ಸಾಲುಗಳ ನಡುವೆ ಜಾಗ ಸಾಲದಿದ್ದರೆ ‘ಕಪ್ಪು’ವಿನ ಕೆಳಗಿನ ಒತ್ತು ಕೆಳಸಾಲಿನ ‘ತ್ರಿ’ಯ ಗುಡಿಸಿನ ಮೇಲೆ ಕೂರುತ್ತದೆ. ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಕೊಟ್ಟಿದ್ದರೆ ಎರಡೂ ಸೇರಿ ಮಸಿಯಾಗುತ್ತವೆ. ಅಂಚು ತೆಳ್ಳಗೆ ಮಾಡಿ ಹಿಂದೆ ಮಬ್ಬು ಪಟ್ಟಿ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಅಂಟಿಸಿದ ಅಕ್ಷರವನ್ನು ನೋಡುವವರು ದೊಡ್ಡದು ಮಾಡಿಕೊಳ್ಳಲಾಗದು, ಅದಕ್ಕೇ ನಾನು ಆದಷ್ಟೂ ಅಕ್ಷರವನ್ನು ಚಿತ್ರದಿಂದ ಬೇರೆ ಇಡುವ `.srt` ಕಡತವನ್ನೇ ಕೊಡುತ್ತೇನೆ.

ನಾಲ್ಕನೆಯ ಬಗೆ ಸೋಲುವುದು ಪದ್ಯದ ಹತ್ತಿರ. ಹಿರಿಯರು ಶಾಲೆಯಲ್ಲಿ ಕಲಿತ ಪದ್ಯ ಹೇಳತೊಡಗಿದರೆ ಒಂದು ಪದವನ್ನೂ ಇಳಿಸುವಂತಿಲ್ಲ. ಅಲ್ಲಿ ಪದ್ಯದ ಪಾದವನ್ನೇ ಸಾಲು ಮಾಡುತ್ತೇನೆ, ಅವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಅಕ್ಷರವನ್ನು ಪರದೆಯಲ್ಲೇ ಉಳಿಸುತ್ತೇನೆ. ಮುಂದಿನ ಮಾತು ಶುರುವಾಗುವ ಎರಡು ಫ್ರೇಮ್ ಮೊದಲು ತೆಗೆದರೆ ಸಾಕು. ಪಾದವೇ 28 ದಾಟಿದರೆ ಮೂರನೆಯ ಸಾಲು ಬೀಳಲಿ ಅಂತ ಬಿಟ್ಟುಬಿಡುತ್ತೇನೆ.