ಆರ್‌ಎಸ್‌ಐ 70 ದಾಟಿದ ಮೇಲೂ ಷೇರು ಏರುತ್ತಲೇ ಇರುತ್ತೆ ಯಾಕೆ: ವರ್ಷಗಟ್ಟಲೆ ಬಳಸಿದವನ ವಿಮರ್ಶೆ

ಆರ್‌ಎಸ್‌ಐ ಅಂದರೆ ಷೇರಿನ ಇತ್ತೀಚಿನ ಏರಿಕೆ ಇಳಿಕೆಗಳ ಬಲವನ್ನು 0ಯಿಂದ 100ರೊಳಗಿನ ಒಂದು ಸಂಖ್ಯೆಯಲ್ಲಿ ತೋರಿಸುವ ಚಾರ್ಟ್ ಸೂಚಕ. ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆರ್‌ಎಸ್‌ಐ ಲೆಕ್ಕದ ಮೇಲಿನ ಸಿಟ್ಟಿಗಲ್ಲ. ಪ್ರತಿ ಆ್ಯಪ್‌ನಲ್ಲೂ ತಾನಾಗೇ ಬರುವ 70ರ ಗೆರೆ ಇದೆಯಲ್ಲ, ಅದರ ಮೇಲಿನ ಸಿಟ್ಟಿಗೆ. ಆ ಗೆರೆ ದಾಟಿದ ತಕ್ಷಣ 'ಓವರ್‌ಬಾಟ್, ಅತಿಯಾಗಿ ಕೊಂಡಾಗಿದೆ, ಇನ್ನು ಬೀಳುತ್ತೆ' ಅಂತ ಮಾರಿಬಿಡುವವರು ನಮ್ಮ ದಾವಣಗೆರೆಯಲ್ಲೇ ಎಷ್ಟು ಜನ ಇದ್ದಾರೋ.

ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯನೊಬ್ಬನ ಕತೆ ಕೇಳಿ. 2020ರ ನವೆಂಬರ್ ಎರಡನೇ ವಾರ. ನಿಫ್ಟಿ 12,600ರ ಆಸುಪಾಸಿಗೆ ಬಂದಿತ್ತು, ದಿನದ ಚಾರ್ಟ್‌ನಲ್ಲಿ ಆರ್‌ಎಸ್‌ಐ 70ರ ಹತ್ತಿರ ಹೋಗಿ ಕೂತಿತ್ತು. ಇವನು ಒಂದು ಲಾಟ್ ಫ್ಯೂಚರ್ ಶಾರ್ಟ್ ಮಾಡಿದ, ಅಂದರೆ ಬಿದ್ದರೆ ಲಾಭ ಏರಿದರೆ ನಷ್ಟ ಅನ್ನುವ ಹಾಗೆ ಮೊದಲೇ ಮಾರಿಟ್ಟ. ಆಗ ಒಂದು ಲಾಟ್ ಅಂದ್ರೆ 75. ನಾನು 'ಯಾಕಪ್ಪಾ ಇದು?' ಅಂದೆ. 'ಅಣ್ಣಾ, 70 ದಾಟ್ತಾ ಇದೆ, ಇನ್ನೆಷ್ಟು ಏರುತ್ತೆ ಹೇಳು' ಅಂದ. ನವೆಂಬರ್ 24ಕ್ಕೆ ನಿಫ್ಟಿ 13,055ರಲ್ಲಿ ಮುಚ್ಚಿತು. ಎರಡೇ ವಾರಕ್ಕೆ ಅವನ ಮೂವತ್ತು ಸಾವಿರ ರೂಪಾಯಿಗೂ ಮೇಲೆ ಕೈಬಿಟ್ಟು ಹೋಯಿತು, ಅವನು ಪೊಸಿಷನ್ ಬಿಟ್ಟ. ನಿಫ್ಟಿಗೆ ನಿಜವಾದ ಪೆಟ್ಟು ಬಿದ್ದಿದ್ದು ಡಿಸೆಂಬರ್ 21ಕ್ಕೆ. ಬ್ರಿಟನ್‌ನ ಹೊಸ ಕೊರೊನಾ ತಳಿಯ ಸುದ್ದಿಗೆ ಒಂದೇ ದಿನ 432 ಪಾಯಿಂಟ್ ಇಳಿಯಿತು, ಆರ್‌ಎಸ್‌ಐ ಕೂಡ 70ರ ಕೆಳಗೆ ಬಂತು. ಆದರೆ ಅಷ್ಟು ಬಿದ್ದ ಮೇಲೂ ನಿಫ್ಟಿ ಇದ್ದಿದ್ದು 13,328ರಲ್ಲಿ. ಇವನು ಶಾರ್ಟ್ ಮಾಡಿದ ಬೆಲೆಗಿಂತ ಏಳುನೂರು ಪಾಯಿಂಟ್ ಮೇಲೆ! ಮುಂದೆ ಜನವರಿ 1ಕ್ಕೆ 14,018.

ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಆರ್‌ಎಸ್‌ಐ ಹೊಟ್ಟೆಯೊಳಗೆ ಏನಿದೆ ಅಂತ ಒಮ್ಮೆ ನೋಡಬೇಕು. ಭಯ ಬೇಡ, ಹೈಸ್ಕೂಲ್ ಲೆಕ್ಕ ಅಷ್ಟೇ. ವೆಲ್ಸ್ ವೈಲ್ಡರ್ ಅನ್ನುವ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ 1978ರಲ್ಲಿ ಇದನ್ನು ಹೊರತಂದ. ಕಂಪ್ಯೂಟರ್ ಎಲ್ಲರ ಕೈಗೂ ಸಿಗದ ಕಾಲ ಅದು, ಹಾಗಾಗಿ ಕೈಲೆಕ್ಕಕ್ಕೂ ಸುಲಭವಾಗುವ ಹಾಗೆ ಕಟ್ಟಿದ್ದಾನೆ.

```
RSI = 100 - 100 / (1 + RS)
RS  = AvgGain / AvgLoss
AvgGain = (ನಿನ್ನೆಯ AvgGain × 13 + ಇವತ್ತಿನ ಏರಿಕೆ) / 14
AvgLoss = (ನಿನ್ನೆಯ AvgLoss × 13 + ಇವತ್ತಿನ ಇಳಿಕೆ) / 14
```

ಏರಿದ ದಿನ ಇಳಿಕೆಯ ಜಾಗಕ್ಕೆ ಸೊನ್ನೆ, ಇಳಿದ ದಿನ ಏರಿಕೆಯ ಜಾಗಕ್ಕೆ ಸೊನ್ನೆ ಹಾಕಿಕೊಳ್ಳಿ. ಈಗ ಗಮನಿಸಿ, ಇದರಲ್ಲಿ ಷೇರಿನ ಬೆಲೆ ಎಲ್ಲೂ ಇಲ್ಲ. ಕಂಪನಿ ಲಾಭ ಇಲ್ಲ, ಷೇರು ದುಬಾರಿಯೋ ಅಗ್ಗವೋ ಅನ್ನುವುದೂ ಇಲ್ಲ. ಇರುವುದು ಏರಿಕೆ ಇಳಿಕೆಗಳ ಪಾಲು ಮಾತ್ರ. 70 ಅಂದರೆ ಸರಾಸರಿ ಏರಿಕೆ ಸರಾಸರಿ ಇಳಿಕೆಯ 2.33 ಪಟ್ಟು ಇದೆ ಅಂತ. 80 ಅಂದರೆ ನಾಲ್ಕು ಪಟ್ಟು. ಅಷ್ಟೇ, ಅದಕ್ಕಿಂತ ಒಂದಕ್ಷರ ಜಾಸ್ತಿ ಹೇಳುವುದಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ನಮ್ಮೂರಿನ ಯಾವುದಾದರೂ ಬೆಣ್ಣೆ ದೋಸೆ ಹೋಟೆಲ್ ಮುಂದೆ ನಿಂತು ನೋಡಿ. ಒಳಗೆ ಹೋಗುವವರು ನಾಲ್ಕು ಜನ, ಹೊರಗೆ ಬರುವವರು ಒಬ್ಬರು. ಈ ಲೆಕ್ಕ ನೋಡಿ 'ಓಹೋ, ಇನ್ನು ಹೋಟೆಲ್ ಖಾಲಿಯಾಗುತ್ತೆ' ಅಂತ ಯಾರಾದರೂ ಹೇಳುತ್ತಾರಾ?

ಜನ ಅಂದುಕೊಳ್ಳುವುದು ಏನು ಅಂದರೆ, 70ರ ಮೇಲೆ ಹೆಚ್ಚು ದಿನ ಇದ್ದಷ್ಟೂ ಒಳಗೆ ಏನೋ ಒತ್ತಡ ಸೇರಿಕೊಳ್ಳುತ್ತಾ ಹೋಗುತ್ತೆ, ಯಾವತ್ತೋ ಒಂದು ದಿನ ಸಿಡಿಯಲೇಬೇಕು ಅಂತ. ಈ ಲೆಕ್ಕದಲ್ಲಿ ಏನೂ ಸೇರಿಕೊಳ್ಳುವುದಿಲ್ಲ. ಪ್ರತಿ ದಿನ ಹಳೆಯ ಸರಾಸರಿಯಲ್ಲಿ ಹದಿನಾಲ್ಕನೇ ಒಂದು ಪಾಲು ಕರಗುತ್ತೆ, ಆ ಜಾಗಕ್ಕೆ ಇವತ್ತಿನದು ಬರುತ್ತೆ. ಹಾಗಾಗಿ ಆರ್‌ಎಸ್‌ಐ 80ರಲ್ಲೇ ಉಳಿಯಬೇಕಾದರೆ ಷೇರು ದಿನದಿಂದ ದಿನಕ್ಕೆ ಜೋರಾಗಿ ಏರಬೇಕಿಲ್ಲ, ಇದ್ದ ಹೆಜ್ಜೆಯಲ್ಲೇ ನಡೆಯುತ್ತಾ ಹೋದರೆ ಸಾಕು.

ಒಂದು ಲೆಕ್ಕ ಮಾಡೋಣ. ಇದು ನಾನೇ ಹಾಕಿಕೊಂಡ ಷೇರು, ನಿಜವಾದದ್ದಲ್ಲ. ಬೆಲೆ 1000 ರೂಪಾಯಿ. ಮೂರು ದಿನ ಹತ್ತತ್ತು ರೂಪಾಯಿ ಏರುತ್ತೆ, ನಾಲ್ಕನೇ ದಿನ ಆರು ರೂಪಾಯಿ ಇಳಿಯುತ್ತೆ, ಮತ್ತೆ ಅದೇ. ನಾಲ್ಕು ದಿನಕ್ಕೆ ನಿವ್ವಳ 24 ರೂಪಾಯಿ. ನೋಡೋಕೆ ಏನೂ ಅಬ್ಬರ ಇಲ್ಲ, ಸುಮ್ನೆ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತೆ. ಈ ಓಟ ಒಂದಷ್ಟು ದಿನ ನಡೆದ ಮೇಲೆ ಆರ್‌ಎಸ್‌ಐ ಎಲ್ಲಿರುತ್ತೆ ಗೊತ್ತಾ? ಏರಿಕೆಯ ಮೂರನೇ ದಿನ 85ರ ಹತ್ತಿರ, ಇಳಿದ ದಿನ 81ರ ಹತ್ತಿರ. ಅದರ ನಡುವೆಯೇ ಓಡಾಡುತ್ತೆ. ಈ ಹೆಜ್ಜೆ ಇರುವ ತನಕ 70ಕ್ಕೆ ಬರುವುದೇ ಇಲ್ಲ. ಮಾರುಕಟ್ಟೆಯ 60 ದಿನ ಹೀಗೇ ನಡೆದರೆ ಬೆಲೆ 1360.

ಈಗ ಒಂದು ದಿನ 30 ರೂಪಾಯಿ ಬಿತ್ತು ಅನ್ನಿ. 85ರಲ್ಲಿದ್ದ ಆರ್‌ಎಸ್‌ಐ ಒಂದೇ ಏಟಿಗೆ 68ಕ್ಕೆ ಬರುತ್ತೆ. ಕಾರಣ ಇಷ್ಟೇ: ಇಷ್ಟು ದಿನ AvgLoss ಬರೀ ಒಂದೂಕಾಲು, ಒಂದೂವರೆ ರೂಪಾಯಿ ಇತ್ತು, ಅಂಥ ಚಿಕ್ಕ ಸಂಖ್ಯೆಗೆ 30 ಬಂದು ಸೇರಿದರೆ ಅದು ಎರಡೂವರೆ ಪಟ್ಟಾಗುತ್ತೆ. 'ನೋಡಿ, ಹೇಳಿದ್ದೆ ಅಲ್ವಾ, ಓವರ್‌ಬಾಟ್ ಆಗಿತ್ತು, ಬಿತ್ತು' ಅಂತ ಆ ದಿನ ಟೆಲಿಗ್ರಾಂ ಗುಂಪುಗಳಲ್ಲಿ ಬರುತ್ತೆ. ಬೆಲೆ ನೋಡಿದರೆ 1330ರ ಆಚೆ ಈಚೆ. 1000ದಲ್ಲಿ ಮಾರಿದವನಿಗೆ ಇದರಿಂದ ಏನು ಬಂತು? ಆರ್‌ಎಸ್‌ಐ ಕೆಳಗೆ ಬರೋಕೆ ಬೆಲೆ ಹಳೆ ಜಾಗಕ್ಕೆ ವಾಪಸ್ ಬರಬೇಕು ಅಂತೇನೂ ಇಲ್ಲ. ಕೆಲವು ಸಲ ಬೀಳಬೇಕು ಅಂತಲೂ ಇಲ್ಲ, ನಾಲ್ಕು ದಿನ ಅಲ್ಲಲ್ಲೇ ಹೊಯ್ದಾಡಿದರೂ ಆರ್‌ಎಸ್‌ಐ ತಣ್ಣಗಾಗುತ್ತೆ.

ಬೆಲೆ ಮೇಲೆ ಹೋಗುತ್ತಾ ಆರ್‌ಎಸ್‌ಐ ಕೆಳಗೆ ಬಂದರೆ ಅದನ್ನು ಡೈವರ್ಜೆನ್ಸ್ ಅಂತಾರೆ, ಅದನ್ನು ನಂಬುವವರಿಗೂ ಇದೇ ಲೆಕ್ಕ. ಅದೇ ಷೇರು ಈಗ ಹತ್ತರ ಬದಲು ಆರಾರು ರೂಪಾಯಿ ಏರುತ್ತೆ, ಇಳಿಯುವುದು ಮೊದಲಿನ ಆರೇ ಅನ್ನಿ. ಆರ್‌ಎಸ್‌ಐ ಮೆಲ್ಲಗೆ 75ರ ಕಡೆಗೆ ಜಾರುತ್ತೆ. ಬೆಲೆ ಮಾತ್ರ ಹೊಸ ಎತ್ತರ ಮುಟ್ಟುತ್ತಲೇ ಇರುತ್ತೆ, ನಾಲ್ಕು ದಿನಕ್ಕೆ 12 ರೂಪಾಯಿಯಂತೆ. ಚಾರ್ಟ್ ಮೇಲೆ ಚೆಂದದ ಡೈವರ್ಜೆನ್ಸ್ ಕಾಣುತ್ತೆ. ಅದು ಹೇಳುತ್ತಿರುವುದು ಓಟ ನಿಧಾನವಾಯಿತು ಅಂತ. ತಿರುಗಿತು ಅಂತ ಅಲ್ಲ. ಇವೆರಡರ ನಡುವೆ ತಿಂಗಳುಗಟ್ಟಲೆ ಅಂತರ ಇರಬಹುದು.

ಹಾಗಾದರೆ 70 ದಾಟಿದರೆ ಮಾರು, 30ರ ಕೆಳಗೆ ಬಂದರೆ ಕೊಳ್ಳು ಅನ್ನುವ 70-30 ಸುಳ್ಳಾ? ಅಲ್ಲ. ಅಡ್ಡಡ್ಡ ಓಡಾಡುವ ಷೇರಿನಲ್ಲಿ ಇದು ಚೆನ್ನಾಗೇ ನಡೆಯುತ್ತೆ. ಅಲ್ಲಿ ಏರಿಕೆ ಇಳಿಕೆ ಹೆಚ್ಚುಕಡಿಮೆ ಸಮ, ಆರ್‌ಎಸ್‌ಐ 50ರ ಸುತ್ತ ಸುತ್ತುತ್ತೆ, 70ಕ್ಕೆ ಹೋಯಿತು ಅಂದರೆ ಷೇರು ತನ್ನ ಮಾಮೂಲಿ ಎಲ್ಲೆ ದಾಟಿದೆ ಅಂತ ಅರ್ಥ, ವಾಪಸ್ ಬರುವುದೇ ಜಾಸ್ತಿ. ತೊಂದರೆ ಏನು ಅಂದರೆ ಅಡ್ಡ ಓಡಾಟ ಮುಗಿದು ದೊಡ್ಡ ಓಟ ಶುರುವಾಗುವಾಗಲೂ ಆರ್‌ಎಸ್‌ಐ ಮೊದಲು ಮಾಡುವ ಕೆಲಸ 70 ದಾಟುವುದೇ. ಎರಡಕ್ಕೂ ಒಂದೇ ಸಂಖ್ಯೆ. ಬರೀ ಆ ಸಂಖ್ಯೆ ನೋಡಿ ಯಾವುದು ಯಾವುದು ಅಂತ ಹೇಳೋಕೆ ಆಗಲ್ಲ.

ನಾನು ನೋಡುವುದು ಮೇಲಿನ ತುದಿಯನ್ನಲ್ಲ, ಕೆಳಗಿನ ತುದಿಯನ್ನು. ಈ ದಾರಿ ತೋರಿಸಿದವರು ಆಂಡ್ರ್ಯೂ ಕಾರ್ಡ್‌ವೆಲ್, ಕಾನ್‌ಸ್ಟನ್ಸ್ ಬ್ರೌನ್ ಮುಂತಾದ ಚಾರ್ಟ್ ವಿಶ್ಲೇಷಕರು. ಗಟ್ಟಿ ಏರಿಕೆಯಲ್ಲಿ ಆರ್‌ಎಸ್‌ಐ ಸುಮಾರು 40ರಿಂದ 80-90ರ ನಡುವೆ ಇರುತ್ತೆ, ಗಟ್ಟಿ ಇಳಿಕೆಯಲ್ಲಿ 20ರಿಂದ 60ರ ನಡುವೆ ಅಂತ ಅವರ ಮಾತು. ಹಾಗಾಗಿ ಷೇರು ಇಳಿದಾಗ ಆರ್‌ಎಸ್‌ಐ 40-45ರ ಹತ್ತಿರ ನಿಂತು ಮತ್ತೆ 70ರ ಕಡೆ ಎದ್ದರೆ ಓಟ ಇನ್ನೂ ಇದೆ ಅಂತ ಲೆಕ್ಕ, ನಾನು ಮಾರಲ್ಲ. 40ರ ಕೆಳಗೆ ಹೋಗಿ, ಮುಂದಿನ ಏರಿಕೆಯಲ್ಲಿ 60ರ ಹತ್ತಿರವೇ ಉಸಿರು ನಿಂತರೆ ಆಗ ಅನುಮಾನ. ಇದೂ ಶಾಸನ ಏನಲ್ಲ. ಒಂದೇ ರಾತ್ರಿಯ ಕೆಟ್ಟ ಸುದ್ದಿಗೆ ಬೆಲೆ ನಿನ್ನೆಗಿಂತ ತುಂಬಾ ಕೆಳಗೇ ಶುರುವಾಗಿ ಗ್ಯಾಪ್ ಡೌನ್ ಆದರೆ 75ರಿಂದ ಸೀದಾ 38ಕ್ಕೆ ಬಂದು ಬೀಳುತ್ತೆ, ಎಚ್ಚರಿಸೋಕೆ ಅದಕ್ಕೆ ಸಮಯವೇ ಇರಲ್ಲ. ಅದಕ್ಕೆ ನಷ್ಟ ತಡೆಯೋ ಸ್ಟಾಪ್‌ಲಾಸ್ ಬೆಲೆಯ ಮೇಲೇ ಇಡಬೇಕು, ಆರ್‌ಎಸ್‌ಐ ಮೇಲೆ ಅಲ್ಲ.

ದಿನದ ಏರಿಕೆಯ ಮಿತಿಯಾದ ಅಪ್ಪರ್ ಸರ್ಕ್ಯೂಟನ್ನು ದಿನಾ ಹೊಡೆಯುವ ಸಣ್ಣ ಷೇರುಗಳ ವಿಷಯ ಬೇರೆ. ಅಲ್ಲಿ ಇಳಿದ ದಿನವೇ ಇಲ್ಲದ ಕಾರಣ AvgLoss ಕರಗುತ್ತಲೇ ಹೋಗುತ್ತೆ, ಆರ್‌ಎಸ್‌ಐ 95 ದಾಟಿ ನೂರರ ಹತ್ತಿರ ಹೋಗಿ ಕೂರುತ್ತೆ. ಮೇಲೆ ಹೇಳಿದ್ದನ್ನೆಲ್ಲ ಓದಿ 'ಓಟ ಗಟ್ಟಿ ಇದೆ' ಅಂತ ಅದನ್ನು ಹಿಡಿದುಕೊಂಡು ಕೂರಬೇಡಿ. ತಿರುಗಿದ ದಿನ ಲೋವರ್ ಸರ್ಕ್ಯೂಟ್, ಕೊಳ್ಳುವವರೇ ಇರಲ್ಲ. ಮಾರೋಕೆ ಆಗುತ್ತಾ ಇಲ್ವಾ ಅನ್ನುವುದು ಈ ಲೆಕ್ಕಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ಒಂದೇ ಷೇರಿಗೆ ಎರಡು ಆ್ಯಪ್‌ನಲ್ಲಿ ಎರಡು ಆರ್‌ಎಸ್‌ಐ ಬರುತ್ತೆ, ಒಂದರಲ್ಲಿ 71, ಇನ್ನೊಂದರಲ್ಲಿ 67. ಕೆಲವರು ವೈಲ್ಡರ್ ಸರಾಸರಿ ಬಿಟ್ಟು 14 ದಿನದ ಸಾದಾ ಸರಾಸರಿ ಹಾಕುತ್ತಾರೆ. ಇನ್ನು ಕೆಲವರ ಬಳಿ ಹಿಂದಿನ ಡೇಟಾ ಕಡಿಮೆ ಇರುತ್ತೆ. ವೈಲ್ಡರ್ ಲೆಕ್ಕದಲ್ಲಿ ಹಳೆಯ ದಿನಗಳ ನೆರಳು ಬಹಳ ಕಾಲ ಉಳಿಯುತ್ತೆ, ಹದಿನಾಲ್ಕು ದಿನ ಕಳೆದ ಮೇಲೂ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಇರುತ್ತೆ. ಹೊಸದಾಗಿ ಲಿಸ್ಟ್ ಆದ ಷೇರಿನ ಆರ್‌ಎಸ್‌ಐಯನ್ನು ನಾನಂತೂ ಕೆಲವು ತಿಂಗಳು ನೋಡುವುದೇ ಇಲ್ಲ.

ನನ್ನ ಸೆಟ್ಟಿಂಗ್ ಕೇಳುವವರಿಗೆ: ಅವಧಿ 14ನ್ನು ಮುಟ್ಟಿಲ್ಲ. ವಾರದ ಚಾರ್ಟ್‌ನಲ್ಲಿ ಏರಿಕೆ ಇರುವ ಷೇರಿಗೆ ದಿನದ ಚಾರ್ಟ್‌ನ 70-30 ಗೆರೆ ತೆಗೆದು 80-40 ಹಾಕಿದ್ದೇನೆ, ಅಲರ್ಟ್ ಇಟ್ಟಿರುವುದು 40ಕ್ಕೆ ಮಾತ್ರ. ಅಡ್ಡಡ್ಡ ಓಡಾಡುವ ಷೇರಿಗೆ ಹಳೆಯ 70-30 ಹಾಗೇ ಇದೆ. ಯಾವುದು ಅಡ್ಡ, ಯಾವುದು ಓಟ ಅಂತ ಗೊತ್ತಾಗದಿದ್ದರೆ ಓಟದ ಬಲ ಅಳೆಯೋಕೆ ಅದೇ ವೈಲ್ಡರ್ ಕೊಟ್ಟ ಎಡಿಎಕ್ಸ್ ಪಕ್ಕಕ್ಕೆ ಹಾಕಿಕೊಳ್ಳಿ. 25ರ ಮೇಲಿದ್ದು ಏರುತ್ತಿದ್ದರೆ 70ರ ಗೆರೆ ಕಡೆ ನಾನು ತಿರುಗಿಯೂ ನೋಡಲ್ಲ. ಚೌಕಿಪೇಟೆಯ ಗೆಳೆಯ ಇದನ್ನು ಒಪ್ಪಿಲ್ಲ, ಅವನು ಈಗ ಗೆರೆಯನ್ನು 75ಕ್ಕೆ ಏರಿಸಿಕೊಂಡು ಅಲ್ಲೇ ಶಾರ್ಟ್ ಮಾಡುತ್ತಿದ್ದಾನೆ.