‘ಕೂರಿಸೋಣ’ ಅಂದದ್ದು ‘ಕೂರಿಸಲಾಗುವುದು’ ಆದಾಗ: ಮೀಟಿಂಗ್ ಸಾರಾಂಶ ಬರೆಯುವವರು ಎಚ್ಚರ

ಎಂಟು ಫ್ಲ್ಯಾಟಿನ ಒಂದು ಕಟ್ಟಡದ ಕೆಲಸದಲ್ಲಿ ಹೀಗಾಯಿತು. ಮಾಲೀಕರು, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಕಂಟ್ರಾಕ್ಟರ್ ನಾಲ್ವರೂ ಕೂತು ಸುಮಾರು ಎರಡು ಗಂಟೆ ಮಾತಾಡಿದರು. ರೆಕಾರ್ಡಿಂಗನ್ನು ಪೂರ್ತಿ ಟೈಪ್ ಮಾಡಿಸಿ, ಅದರಿಂದ ಒಂದು ಪುಟದ ಸಾರಾಂಶ ತೆಗೆದು ಎಲ್ಲರಿಗೂ ಕಳಿಸಲಾಯಿತು. ಅದರಲ್ಲಿ ಒಂದು ಸಾಲು: ‘ತಾರಸಿಯಲ್ಲಿ 10,000 ಲೀಟರ್ ನೀರಿನ ಟ್ಯಾಂಕ್ ಕೂರಿಸಲಾಗುವುದು. ಕಟ್ಟೆ ಕೆಲಸ ಸೋಮವಾರ.’ ಸೋಮವಾರ ಗಾರೆಯವರು ಬಂದರು, ಕಟ್ಟೆ ಎದ್ದಿತು. ಮುಂದಿನ ವಾರ ಅದನ್ನು ಒಡೆದು ತೆಗೆಯಬೇಕಾಯಿತು. ಒಡೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗೂ ಹಾಳಾಯಿತು.

ಮೀಟಿಂಗಿನಲ್ಲಿ ನಿಜವಾಗಿ ನಡೆದ ಮಾತು ಇದು. 22ನೇ ನಿಮಿಷದಲ್ಲಿ ಆರ್ಕಿಟೆಕ್ಟ್, “ಮೇಲೆ ಹತ್ತು ಸಾವಿರ ಲೀಟರ್ ಕೂರಿಸೋಣ, ಬೇಸಿಗೇಲಿ ನೀರು ಎರಡು ದಿನಕ್ಕೊಮ್ಮೆ ಬಂದ್ರೂ ಸಾಲತ್ತೆ” ಅಂದರು. ಮಾಲೀಕರು “ಹೂಂ, ಆಯ್ತು ಆಯ್ತು” ಅಂದರು. ಕಂಟ್ರಾಕ್ಟರ್ ಕೂಡಲೇ, “ಹಾಗಾದ್ರೆ ಸೋಮವಾರ ಕಟ್ಟೆ ಕೆಲಸ ಹಿಡಿಸ್ತೀನಿ ಸರ್” ಅಂದರು. ಇಷ್ಟೇ ಓದಿದರೆ ಯಾರಿಗಾದರೂ ತೀರ್ಮಾನ ಅನ್ನಿಸುತ್ತದೆ. ಆದರೆ 79ನೇ ನಿಮಿಷದಲ್ಲಿ, ವಾಟರ್‌ಪ್ರೂಫಿಂಗ್ ಮಾತು ನಡೆಯುವಾಗ, ಎಂಜಿನಿಯರ್ ಹೇಳಿದರು: “ಆ ಟ್ಯಾಂಕ್ ಕಾಲಮ್ ಮೇಲೆ ಬರತ್ತಾ ನೋಡ್ಬೇಕು. ಲೆಕ್ಕ ಹಾಕಿ ಹೇಳ್ತೀನಿ, ಅಲ್ಲೀವರೆಗೂ ಆ ಜಾಗ ಮುಟ್ಬೇಡಿ.” ಮಾಲೀಕರು “ಸರಿ, ನೋಡೋಣ” ಅಂದರು.

ಎಂಜಿನಿಯರ್ ತಡೆದದ್ದಕ್ಕೆ ಬಲವಾದ ಕಾರಣವಿತ್ತು. ಹತ್ತು ಸಾವಿರ ಲೀಟರ್ ಅಂದರೆ ಹತ್ತು ಟನ್. ಎರಡು ಮೀಟರ್ ಎತ್ತರಕ್ಕೆ ನೀರು ನಿಂತರೆ ಅದರ ಕೆಳಗೆ ಪ್ರತಿ ಚದರ ಮೀಟರಿಗೆ ಎರಡು ಟನ್ ಭಾರ ಬೀಳುತ್ತದೆ. ಜನ ಓಡಾಡುವ ತಾರಸಿಗೆ, ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875 ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ ಮಾತ್ರ. ಎಂಜಿನಿಯರ್ ಹೇಳಿದ ಆ ಮಾತು ಸಾರಾಂಶದಲ್ಲಿ ‘ವಾಟರ್‌ಪ್ರೂಫಿಂಗ್ ಚರ್ಚೆ’ ಅನ್ನುವ ಸಾಲಿನೊಳಗೆ ಕರಗಿಹೋಗಿತ್ತು.

ತಪ್ಪಿನ ಮೂಲ ಕ್ರಿಯಾಪದದಲ್ಲಿದೆ. ಕನ್ನಡದಲ್ಲಿ ‘ಮಾಡೋಣ’ ಸಲಹೆಯೂ ಹೌದು, ತೀರ್ಮಾನವೂ ಹೌದು. ಯಾವುದು ಅಂತ ದನಿ ಹೇಳುತ್ತದೆ, ಅಕ್ಷರ ಹೇಳುವುದಿಲ್ಲ. ಟೈಪ್ ಮಾಡುವಾಗ ‘ಕೂರಿಸೋಣ್ವಾ?’ ಕೂಡ ‘ಕೂರಿಸೋಣ’ ಆಗಿಬಿಡಬಹುದು. ಅದನ್ನು ಕಚೇರಿ ಕನ್ನಡದಲ್ಲಿ ‘ಕೂರಿಸಲಾಗುವುದು’ ಎಂದು ಬರೆದ ಕೂಡಲೇ ಹೇಳಿದವರು ಯಾರೆಂಬುದು ಅಳಿಸಿಹೋಗಿ, ಸಲಹೆಗೆ ಆದೇಶದ ಗತ್ತು ಬರುತ್ತದೆ. ಸಾರಾಂಶದಲ್ಲಿ ಈ ‘ಲಾಗುವುದು’ ರೂಪವನ್ನು ಬಳಸಲೇಬೇಡಿ. ‘ಮಾಲೀಕರು ಒಪ್ಪಿದರು’, ‘ಆರ್ಕಿಟೆಕ್ಟ್ ಸಲಹೆ ಕೊಟ್ಟರು’ ಎಂದು ಕರ್ತೃ ಇಟ್ಟು ಬರೆಯಲು ಹೊರಟರೆ, ಯಾರು ಒಪ್ಪಿದರು ಅನ್ನುವುದು ನಿಮಗೇ ಗೊತ್ತಿಲ್ಲದಿದ್ದಾಗ ಕೈ ತಾನಾಗಿ ನಿಲ್ಲುತ್ತದೆ.

‘ಆಯ್ತು’ ಇನ್ನೂ ಕಷ್ಟದ್ದು. ‘ಕೇಳಿಸಿಕೊಂಡೆ, ಮುಂದೆ ಹೇಳಿ’ ಅನ್ನುವುದಕ್ಕೂ ಅದೇ, ‘ಒಪ್ಪಿದೆ’ ಅನ್ನುವುದಕ್ಕೂ ಅದೇ. ಮಾತಿನ ನಡುವೆ ಎರಡೆರಡು ಸಲ ಬಂದ ‘ಆಯ್ತು ಆಯ್ತು’ ಹೆಚ್ಚಾಗಿ ಮೊದಲನೆಯ ಜಾತಿಯದು. ‘ನೋಡೋಣ’ ಬಹಳ ಸಲ ಮುಖ ಮುರಿಯದೆ ಹೇಳಿದ ‘ಬೇಡ’. ಇಂಥ ಕಡೆ ಬರಹ ನಂಬದೆ ರೆಕಾರ್ಡಿಂಗಿನ ಆ ಅರ್ಧ ನಿಮಿಷ ಕೇಳಿ. ಕಂಟ್ರಾಕ್ಟರ್ ಹೇಳಿದ ‘ಸೋಮವಾರ’ದ ಬಲೆ ಬೇರೆ ಥರದ್ದು. ದಿನಾಂಕ, ಹೊಣೆ ಎರಡೂ ಇದ್ದರೆ ತೀರ್ಮಾನವೇ ಅನ್ನಿಸುತ್ತದೆ. ಆದರೆ ಕೆಲಸ ಮಾಡಿಸುವವರು ಒಪ್ಪಿಗೆ ಸಿಕ್ಕಿತೆಂದು ತಾವೇ ಅಂದುಕೊಂಡು ದಿನ ಹೇಳಿರಬಹುದು.

ಓದುವ ಕ್ರಮವನ್ನೂ ಬದಲಿಸಬೇಕು. ಮೊದಲಿಂದ ಓದುತ್ತ ಬರೆದುಕೊಂಡು ಹೋದರೆ 22ನೇ ನಿಮಿಷದ ಮಾತು ಕಾಗದದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಬದಲಿಗೆ ಮೊದಲು ವಿಷಯಗಳ ಹೆಸರು ಮಾತ್ರ ಪಟ್ಟಿ ಮಾಡಿ: ಟ್ಯಾಂಕ್, ಕಿಟಕಿ, ಲಿಫ್ಟ್. ಆಮೇಲೆ ಪ್ರತಿ ವಿಷಯಕ್ಕೂ ಕಡತದ ಕೊನೆಯಿಂದ ಹಿಂದಕ್ಕೆ ಹುಡುಕಿ. ‘ಟ್ಯಾಂಕ್’ ಜೊತೆಗೆ ‘ತಾರಸಿ’, ‘ಮೇಲಿನ ನೀರು’, ‘ಆ ಕಟ್ಟೆ’ ಅಂತಲೂ ಹುಡುಕಬೇಕು, ಏಕೆಂದರೆ ಎರಡನೇ ಸಲ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಕೊನೆಯ ಮಾತಿನಲ್ಲಿ ‘ಲೆಕ್ಕ ಹಾಕಿ’, ‘ಕೇಳಿ ಹೇಳ್ತೀನಿ’, ‘ರೇಟ್ ಬಂದ್ಮೇಲೆ’ ಇದ್ದರೆ ವಿಷಯ ಮುಗಿದಿಲ್ಲ.

ಟ್ಯಾಂಕಿನ ಸಾಲು ಹೀಗಿರಬೇಕಿತ್ತು:

‘ಷರತ್ತಿನ ಮೇಲೆ ನಿಂತಿದೆ: ತಾರಸಿ ಟ್ಯಾಂಕ್. ಆರ್ಕಿಟೆಕ್ಟ್ ಸಲಹೆ 10,000 ಲೀಟರ್ (00:22). ಎಂಜಿನಿಯರ್ ಲೆಕ್ಕ ಕೊಡುವವರೆಗೆ ಜಾಗ ಮುಟ್ಟಬಾರದು (01:19). ಕಂಟ್ರಾಕ್ಟರ್ ಹೇಳಿದ ಸೋಮವಾರ ಇದರ ಮುಂಚಿನ ಮಾತು, ಈಗ ಲೆಕ್ಕಕ್ಕಿಲ್ಲ.’

ತೀರ್ಮಾನ, ಷರತ್ತಿನ ಮೇಲೆ ನಿಂತದ್ದು, ಬರೀ ಸಲಹೆ ಎಂದು ಮೂರು ಭಾಗ ಮಾಡಿ, ಪ್ರತಿ ಸಾಲಿಗೂ ಸಮಯ ಹಾಕಿ. ಯಾವ ಭಾಗಕ್ಕೆ ಸೇರಿಸಬೇಕೆಂದು ಅನುಮಾನ ಬಂದ ಸಾಲನ್ನು ತೀರ್ಮಾನದ ಕೆಳಗೆ ಇಡಬೇಡಿ. ಸಾರಾಂಶ ಹಂಚುವ ಮೊದಲು ಮಾಲೀಕರಿಗೆ ಒಂದೇ ಪ್ರಶ್ನೆ ಕಳಿಸಿ: “ಸರ್, ಟ್ಯಾಂಕ್ ಕಟ್ಟೆ ಸೋಮವಾರ ಶುರು ಮಾಡಿಸಬಹುದಾ, ಎಂಜಿನಿಯರ್ ಲೆಕ್ಕಕ್ಕೆ ಕಾಯಬೇಕಾ?” ಬರೀ ‘ಸರೀನಾ ನೋಡಿ’ ಎಂದು ಪುಟ ಪೂರ್ತಿ ಕಳಿಸಿದರೆ ಬರುವ ಉತ್ತರ ಮತ್ತೆ ‘ಆಯ್ತು’.